ಹೆಂಚಿನ ಮೇಲಿನ 1865

"ಅಣ್ಣ, ಸೆಪ್ಟೆಂಬರ್‌ನಲ್ಲಿ ಸ್ಟುಟ್‌ಗಾರ್ಟ್‌ಗೆ ಬಂದೆ. ನಮ್ಮದೂ ಸಾಗರದ ಕಡೆಯೇ. ಊರಿನ ಹಳೆ ಮನೆ ಸಂಕ್ರಾಂತಿ ಆದ ಮೇಲೆ ಕೆಡವಿ ಹೊಸದು ಕಟ್ಟುತ್ತಾರಂತೆ. ಪ್ರೊಬೇಷನ್ ಮುಗಿದಿಲ್ಲ, ಹೋಗೋಕೆ ಆಗುತ್ತೋ ಇಲ್ವೋ. ಒಂದೇ ಒಂದು ಒಳ್ಳೆ ಫೋಟೋ ಇದೆ. ಮನೆಯವರ ಗ್ರೂಪಿಗೂ ಹಾಕಬೇಕು, ದೊಡ್ಡದು ಮಾಡಿಸಿ ರೂಮಲ್ಲೂ ಇಟ್ಟುಕೊಳ್ಳಬೇಕು. ಅಡಿಯಲ್ಲಿ 'ಮರೆಯಲಾಗದ ನೆನಪುಗಳ ಅರಮನೆ' ಅಂತ ಬರೆದರೆ ಹೇಗೆ? ಮತ್ತೆ ಇಲ್ಲಿನ ಚಳಿಗೆ ಏನು ತಗೋಬೇಕು?"

ಚಳಿಗೆ ಮೊದಲು ಬೂಟು ತಗೋ, ಜಾಕೆಟ್ ಆಮೇಲೆ. ಕಾಲು ಒದ್ದೆಯಾದರೆ ಯಾವ ಜಾಕೆಟ್ಟೂ ಕಾಪಾಡುವುದಿಲ್ಲ.

ರಜೆ ವಿಷಯ. ಪ್ರೊಬೇಷನ್‌ನಲ್ಲಿ ರಜೆಯೇ ಇಲ್ಲ ಅಂತ ಯಾರೋ ಹೇಳಿರಬೇಕು, ಅದು ತಪ್ಪು. ಪೂರ್ತಿ ರಜೆಯ ಹಕ್ಕು ಆರು ತಿಂಗಳ ಮೇಲೆ ಬರುತ್ತದೆ, ಸರಿ. ಆದರೆ ಅದಕ್ಕೆ ಮುಂಚೆಯೂ ಒಂದೊಂದು ತಿಂಗಳಿಗೆ ವರ್ಷದ ರಜೆಯ ಹನ್ನೆರಡನೇ ಒಂದು ಪಾಲು ಸೇರುತ್ತಾ ಇರುತ್ತದೆ. ಮೇಲಿನವರ ಹತ್ತಿರ ಬಾಯಿ ಬಿಟ್ಟು ಕೇಳು. ನಾನು ಕೇಳಲಿಲ್ಲ. 2009ರಲ್ಲಿ ನಮ್ಮನೆ ಕೆಡವಿದಾಗ ನಾನು ಇಲ್ಲಿಗೆ ಬಂದು ಐದು ವರ್ಷವಾಗಿತ್ತು, ರಜೆಯೂ ಇತ್ತು, ಆದರೂ ಟಿಕೆಟ್ ಜಾಸ್ತಿ ಅಂತ ಸುಮ್ಮನಿದ್ದೆ. ಟಿಕೆಟ್ ದುಡ್ಡು ಏನಾಯಿತು ಅಂತ ಈಗ ನೆನಪೂ ಇಲ್ಲ.

ಇನ್ನು ಅಡಿಬರಹ. ಮಾರಾಯ, ಬೇಜಾರು ಮಾಡಿಕೊಳ್ಳಬೇಡ, ಆ ಅರಮನೆಯ ಸಾಲನ್ನು ಯಾರ ಮನೆ ಫೋಟೋದ ಕೆಳಗಾದರೂ ಹಾಕಬಹುದು. ನನ್ನದು ಇದಕ್ಕಿಂತ ಕೆಟ್ಟದಾಗಿತ್ತು. ನನ್ನದು ಸುಳ್ಳಾಗಿತ್ತು.

2004ರ ನವೆಂಬರ್‌ನಲ್ಲಿ ನಾನು ಬಂದಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಅದರ ಮಧ್ಯೆ ಒಂದು ಫೋಟೋ. 1996ರದ್ದು, ಮುಂಬೈ ಮಾವ ಅವರ ಕ್ಯಾಮೆರಾದಲ್ಲಿ ತೆಗೆದದ್ದು. ಅದನ್ನು ಗೋಡೆಗೆ ಅಂಟಿಸಿದ್ದೆ. ಮನೆ ಮಾಲಕಿ ಅಜ್ಜಿ ಒಂದು ದಿನ ನೋಡಿ, ಎಷ್ಟು ವರ್ಷದ ಮನೆ ಅಂತ ಕೇಳಿದರು. ನನಗೆ ಥಟ್ಟನೆ ಹೊಳೆದದ್ದು ಅಟ್ಟ. ಚಿಕ್ಕವನಿದ್ದಾಗ ಅಟ್ಟದ ಮೇಲೆ ಅಡಿಕೆ ಚೀಲಕ್ಕೆ ಒರಗಿ ಮೇಲೆ ನೋಡಿದರೆ, ರೀಪಿನ ಸಂದಿಯಲ್ಲಿ ಹೆಂಚಿನ ಅಡಿಭಾಗದ ಇಂಗ್ಲಿಷ್ ಅಕ್ಷರ ಕಾಣುತ್ತಿತ್ತು. ಬಾಸೆಲ್ ಮಿಷನ್, ಮಂಗಳೂರು, 1865. ನಾನು ಹೆಮ್ಮೆಯಿಂದ 1865 ಅಂದೆ. ನಿಮ್ಮ ಕಡೆಯವರೇ ಮಾಡಿದ ಹೆಂಚು ಅಂತಲೂ ಸೇರಿಸಿದೆ. ಅಜ್ಜಿಗೆ ಖುಷಿಯಾಯಿತು. ಅವತ್ತೇ ರಾತ್ರಿ ಫೋಟೋದ ಹಿಂದೆ ಬಾಲ್ ಪೆನ್ನಿನಲ್ಲಿ ಬರೆದೆ: "ನಮ್ಮ ಮನೆ, 1865."

ಆಮೇಲೆ ಆ ಫೋಟೋ ಸ್ಕ್ಯಾನ್ ಆಗಿ ಗ್ರೂಪಿಗೆ ಹೋಯಿತು. ಕೆಳಗೆ ಅದೇ ಸಾಲು. ನಮ್ಮ ಹುಡುಗರೆಲ್ಲ ಅದನ್ನೇ ನಂಬಿದರು. ನೂರೈವತ್ತು ವರ್ಷದ ಮನೆ ಅಂತ ಒಬ್ಬಳು ಶಾಲೆಯ ಪ್ರಾಜೆಕ್ಟಿನಲ್ಲೂ ಬರೆದಳು.

2015ರಲ್ಲಿ ಚಿಕ್ಕಪ್ಪ ಫೋನ್ ಮಾಡಿ ನಕ್ಕರು. "1865 ಎಲ್ಲಿಂದ ತಂದ್ಯೋ? ನಾನು ಹುಡುಗ ಇದ್ದಾಗ ನಮ್ಮನೆ ಮಾಡಿಗೆ ಸೋಗೆ ಹೊದೆಸುತ್ತಿದ್ದೆವು. ಹೆಂಚು ಬಂದದ್ದು ಮುಳುಗಡೆ ಹೊತ್ತಿಗೆ."

ಅದು ಕಾರ್ಖಾನೆ ಶುರುವಾದ ವರ್ಷ, ಮನೆ ಕಟ್ಟಿದ್ದಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚು ಮಾಡಲು ಶುರು ಮಾಡಿದ್ದು 1865ರಲ್ಲಿ. ಎಷ್ಟೋ ವರ್ಷದ ನಂತರ ಮಾಡಿದ ಹೆಂಚಿನ ಮೇಲೂ ಅದೇ ವರ್ಷ ಒತ್ತುತ್ತಿದ್ದರು, ಅಂಗಡಿಯ ಬೋರ್ಡಿನಲ್ಲಿ ಸ್ಥಾಪನೆ ಇಂಥ ವರ್ಷ ಅಂತ ಬರೆಸುವ ಹಾಗೆ. ಹೋಗಲಿ, ಹೆಂಚು ಎಷ್ಟೇ ಹಳೆಯದಾದರೂ ಅದರಿಂದ ಮನೆಯ ವಯಸ್ಸು ತಿಳಿಯುವುದಿಲ್ಲ. ಮನೆ ಸೋಗೆಯದಾಗಿದ್ದು ಆಮೇಲೆ ಹೆಂಚು ಹೊದೆಸಿದ್ದರೆ ಮನೆಯೇ ಹಿರಿದು. ಬೇರೆ ಕಡೆಯಿಂದ ಹಳೆ ಹೆಂಚು ತಂದಿದ್ದರೆ ಹೆಂಚೇ ಹಿರಿದು. ನಮ್ಮಲ್ಲಿ ಎರಡೂ ಆಗಿತ್ತು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ನೀರು ಏರುವ ಮುಂಚೆ ಆ ಕಡೆಯ ಒಂದು ಮನೆಯವರು ಮನೆ ಬಿಚ್ಚಿ ಮಾರಿದರಂತೆ, ಅಜ್ಜ ಹೆಂಚು ಕೊಂಡು ಗಾಡಿಯಲ್ಲಿ ತಂದರಂತೆ. ಹೆಂಚಿನ ಜೊತೆ ಹೆಬ್ಬಾಗಿಲೂ ಬಂತು, ಬಾಗಿಲುವಾಡದ ಸಮೇತ.

ನಾನು ಹುಟ್ಟಿದಾಗಿನಿಂದ ದಾಟಿದ ಆ ಹೊಸ್ತಿಲು ಮೊದಲು ಇನ್ನೊಬ್ಬರ ಮನೆಯದು. ನನಗೆ ಅದು ಗೊತ್ತಾದದ್ದು ಮನೆ ಹೋಗಿ ಆರು ವರ್ಷದ ಮೇಲೆ, ಜರ್ಮನಿಯಲ್ಲಿ, ಟ್ರಾಮ್ ಸ್ಟಾಪಿನಲ್ಲಿ ನಿಂತಿದ್ದಾಗ.

ಅವತ್ತು ಮನೆಗೆ ಬಂದು ಫೋಟೋ ತೆಗೆದು ನೋಡಿದೆ. ಜಗಲಿಯ ಮೇಲೆ ಅಮ್ಮ, ಚಿಕ್ಕಮ್ಮ, ನಾನು. ಎಡ ತುದಿಯಲ್ಲಿ ಮುಂಡಿಗೆ ಹಿಡಿದು ನಿಂತ ಒಬ್ಬರು ವಯಸ್ಸಾದ ಹೆಂಗಸು. ನಾವೆಲ್ಲ ಕ್ಯಾಮೆರಾ ನೋಡುತ್ತಿದ್ದೇವೆ, ಅವರು ಹೆಬ್ಬಾಗಿಲು ನೋಡುತ್ತಿದ್ದಾರೆ. ಅವರು ನನಗೆ ಮಸುಕಾಗಿ ನೆನಪಿದ್ದಾರೆ. ದೀಪಾವಳಿ ಕಳೆದ ಮೇಲೆ ವರ್ಷಕ್ಕೊಮ್ಮೆ ಬರುತ್ತಿದ್ದರು, ಊಟ ಮಾಡಿ ಹೋಗುತ್ತಿದ್ದರು. ಅಮ್ಮ "ಮುಳುಗಡೆಯವರು ಬಂದಿದ್ದಾರೆ, ಎಲೆ ಹಾಕು" ಅನ್ನುತ್ತಿದ್ದಳು. ನಮ್ಮ ಕಡೆ ಮುಳುಗಡೆಯವರು ಅಂದರೆ ಸಾವಿರಾರು ಮನೆಯವರು, ಅದೊಂದು ಹೆಸರಲ್ಲ. ಚಿಕ್ಕಪ್ಪನನ್ನು ಕೇಳಿದೆ. ಬಾಗಿಲು ಮಾರಿದ ಮನೆಯವರೇ ಇರಬೇಕು ಅಂದರು, ಹೆಸರು ಅವರಿಗೂ ಗೊತ್ತಿಲ್ಲ. ಗೊತ್ತಿದ್ದವಳು ಅಮ್ಮ. ಅಮ್ಮ 2013ರಲ್ಲೇ ಹೋದಳು. ಒಂಬತ್ತು ವರ್ಷ ಪ್ರತಿ ಭಾನುವಾರ ಫೋನ್ ಮಾಡಿದ್ದೇನೆ, ಅಡಿಕೆ ರೇಟು ಕೇಳಿದ್ದೇನೆ, ಮಳೆ ಕೇಳಿದ್ದೇನೆ. ಫೋಟೋದಲ್ಲಿರುವವರು ಯಾರು ಅಂತ ಒಂದು ಸಲವೂ ಕೇಳಲಿಲ್ಲ.

ಅದಕ್ಕೇ ನಿನಗೆ ಹೇಳುತ್ತಿರುವುದು. ಅಡಿಬರಹ ನೀನೊಬ್ಬನೇ ಕೂತು ಬರೆಯಬೇಡ. ಫೋಟೋವನ್ನು ಊರಿಗೆ ಕಳಿಸು, ಮನೆಯಲ್ಲಿ ಹಿರಿಯರು ಯಾರಿದ್ದಾರೋ ಅವರ ಮುಂದೆ ದೊಡ್ಡದಾಗಿ ತೋರಿಸಲು ಹೇಳು, ನೀನು ಫೋನಿನಲ್ಲಿ ಕೇಳುತ್ತಾ ಹೋಗು. ಎಡದಿಂದ ಶುರು ಮಾಡಿ ಒಬ್ಬೊಬ್ಬರ ಹೆಸರು. "ದೊಡ್ಡಪ್ಪ" ಅಂತ ಬರೆಯಬೇಡ, ನಿನಗೆ ದೊಡ್ಡಪ್ಪ ಆದವರು ಅದೇ ಗ್ರೂಪಿನಲ್ಲಿ ಇನ್ನೊಬ್ಬಳಿಗೆ ಅಪ್ಪ, ನಾಳೆ ನಿನ್ನ ಮಗನಿಗೆ ಬೇರೆಯೇ. ಪೂರ್ತಿ ಹೆಸರು ಬರಿ. ಫೋಟೋ ಯಾವ ಕಡೆಯಿಂದ ತೆಗೆದದ್ದು, ತೆಗೆದವರು ಯಾರು ಅದೂ ಬರಿ. ತೆಗೆದವರು ಯಾವಾಗಲೂ ಫೋಟೋದಲ್ಲಿ ಇರುವುದಿಲ್ಲ ಅಲ್ವಾ, ಮೊದಲು ಮರೆಯುವುದು ಅವರನ್ನೇ. ತಾರೀಖು ನೆನಪಿಲ್ಲದಿದ್ದರೆ ಚಿತ್ರದಲ್ಲೇ ಹುಡುಕು. ಗೋಡೆಗೆ ಸೋಗೆ ಕಟ್ಟಿದ್ದರೆ ಮಳೆಗಾಲದ ಆಸುಪಾಸು. ಅಂಗಳದಲ್ಲಿ ಅಡಿಕೆ ಹರಡಿದ್ದರೆ ಕೊಯ್ಲಿನ ಕಾಲ. ವರ್ಷಕ್ಕೆ ಹಿರಿಯರು ಅಂಕಿ ಹೇಳುವುದಿಲ್ಲ, ಇಂಥವಳ ಬಾಣಂತನ ಆದ ವರ್ಷ, ಇಂಥವನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಅನ್ನುತ್ತಾರೆ. ಅದನ್ನು ಹಾಗೆಯೇ ಬರೆದುಕೋ, ಇಸವಿ ಆಮೇಲೆ ಲೆಕ್ಕ ಹಾಕಬಹುದು.

ಮನೆಯ ವಯಸ್ಸಿನ ಬಗ್ಗೆ ಯಾರಾದರೂ ಅಂಕಿ ಹೇಳಿದರೆ, ಹೇಳಿದವರ ಹೆಸರನ್ನೂ ಸೇರಿಸು. "ಅಜ್ಜಿ ಹೇಳಿದ್ದು" ಅಂತ ಇದ್ದರೆ ಮುಂದೆ ಯಾರಾದರೂ ತಿದ್ದಬಹುದು. ನನ್ನ ಹಾಗೆ ಬರೀ 1865 ಅಂತ ಹಾಕಿದರೆ ತಿದ್ದುವುದಕ್ಕೆ ಯಾರಿಗೂ ಧೈರ್ಯ ಬರುವುದಿಲ್ಲ, ಅಂಕಿ ಅಷ್ಟು ಗಟ್ಟಿಯಾಗಿ ಕಾಣುತ್ತದೆ. ಮರ, ಬಾಗಿಲು, ಕಂಬ ಎಲ್ಲಿಂದ ಬಂದವು ಅಂತ ಕೇಳುವುದನ್ನು ಮಾತ್ರ ಮರೆಯಬೇಡ. ಕೆಡವುವ ದಿನ ಹಳೆ ಮರದ ವ್ಯಾಪಾರದವರು ಬಂದು ಎಲ್ಲ ಹೊತ್ತುಕೊಂಡು ಹೋಗುತ್ತಾರೆ. ನಮ್ಮ ಹೆಬ್ಬಾಗಿಲೂ ಹಾಗೇ ಹೋಯಿತು. ಈಗ ಅದು ಬೆಂಗಳೂರಿನ ಯಾವುದೋ ರೆಸಾರ್ಟಿನಲ್ಲಿ ಇರಬಹುದು, ಅಲ್ಲಿ ಯಾರೋ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿರಬಹುದು.

ಇನ್ನೊಂದು ಸಣ್ಣ ವಿಷಯ. ವಾಟ್ಸಾಪ್‌ನಲ್ಲಿ ಫೋಟೋದ ಕೆಳಗೆ ಬರೆದದ್ದು ಫೋಟೋದ ಒಳಗೆ ಸೇರುವುದಿಲ್ಲ. ಯಾರೋ ಗ್ಯಾಲರಿಗೆ ಇಳಿಸಿಕೊಂಡು ಮತ್ತೆ ಕಳಿಸಿದರೆ ಬರಹ ಹೋಯಿತು, ಚಿತ್ರ ಮಾತ್ರ ಉಳಿಯಿತು. ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ ಕೂಡ, ಆದ್ದರಿಂದ ಮೂಲದ್ದನ್ನು ಡಾಕ್ಯುಮೆಂಟ್ ಅಂತ ಕಳಿಸು. ನಾನು ಈಗ ಮಾಡುವುದು ಇಷ್ಟೇ: ಚಿತ್ರದ ಕೆಳಗೆ ಒಂದು ಬಿಳಿ ಪಟ್ಟಿ ಸೇರಿಸಿ, ಅದರೊಳಗೆ ಬರೆದು, ಎರಡನ್ನೂ ಒಂದೇ ಚಿತ್ರವಾಗಿ ಉಳಿಸುತ್ತೇನೆ. ಬರಹವಿಲ್ಲದ ಮೂಲ ಬೇರೆ ಇರಲಿ. ಪ್ರಿಂಟ್ ಹಾಕಿಸಿದರೆ ಹಿಂದೆ ಬಾಲ್ ಪೆನ್ ಬೇಡ. ನನ್ನ ಫೋಟೋವನ್ನು ಓರೆ ಮಾಡಿ ಹಿಡಿದರೆ 1865 ಮುಂದಿನಿಂದಲೂ ಉಬ್ಬಿ ಕಾಣುತ್ತದೆ, ಸರಿಯಾಗಿ ಅಮ್ಮನ ಸೆರಗಿನ ಮೇಲೆ. ಹಳೆ ಪೇಪರಿಗೆ ಮೆತ್ತನೆ ಪೆನ್ಸಿಲ್ ಸಾಕು. ಈಗಿನ ಪ್ಲಾಸ್ಟಿಕ್ಕಿನಂಥ ಪೇಪರಿಗೆ ಪೆನ್ಸಿಲ್ ಹಿಡಿಯುವುದಿಲ್ಲ, ಅದಕ್ಕೆ ಫೋಟೋ ಹಿಂದೆ ಬರೆಯಲೆಂದೇ ಪೆನ್ ಸಿಗುತ್ತದೆ. ಗೋಡೆಗೆ ಟೇಪ್ ಹಾಕಿ ಅಂಟಿಸಬೇಡ, ಫ್ರೇಮ್ ಮಾಡಿಸು.

ನನ್ನ ಫೋಟೋದ ಕೆಳಗೆ ಈಗ ಏನಿದೆ ಅಂತ ಹೇಳುತ್ತೇನೆ, ಹೆಸರುಗಳನ್ನು ಮಾತ್ರ ಇಲ್ಲಿ ಬಿಟ್ಟಿದ್ದೇನೆ:

"ಸಾಗರ ತಾಲೂಕಿನ ನಮ್ಮ ಮನೆ, ಪೂರ್ವದ ಅಂಗಳದಿಂದ. 1996, ದೀಪಾವಳಿ ಕಳೆದ ವಾರ. ತೆಗೆದವರು ಮುಂಬೈ ಮಾವ. ಜಗಲಿಯಲ್ಲಿ ಎಡದಿಂದ: ಮುಳುಗಡೆ ಕಡೆಯ ಹೆಂಗಸು, ಹೆಸರು ಕೇಳಲಿಲ್ಲ, ಅಮ್ಮ, ಚಿಕ್ಕಮ್ಮ, ನಾನು. ಕೊಟ್ಟಿಗೆ ಬಲಕ್ಕಿತ್ತು, ಚಿತ್ರದಲ್ಲಿಲ್ಲ. ಹೆಂಚು ಮತ್ತು ಹೆಬ್ಬಾಗಿಲು ಮುಳುಗಡೆಗೆ ಮುಂಚೆ ಬೇರೆ ಮನೆಯಿಂದ ಕೊಂಡು ತಂದವು, ಚಿಕ್ಕಪ್ಪ ಹೇಳಿದ್ದು, 2015. ಮನೆ ಕಟ್ಟಿದ ವರ್ಷ ಗೊತ್ತಿಲ್ಲ. ಕೆಡವಿದ್ದು 2009, ಕೊಯ್ಲು ಮುಗಿದ ಮೇಲೆ."

ನೋಡೋಕೆ ಪಂಚನಾಮೆ ಹಾಗಿದೆ ಅಂತ ನನ್ನ ಹೆಂಡತಿ ನಗುತ್ತಾಳೆ. ಇರಲಿ. ನಿನ್ನ ಅರಮನೆಯ ಸಾಲು ಅಷ್ಟು ಇಷ್ಟ ಆಗಿದ್ದರೆ ಕೊನೆಗೆ ಸೇರಿಸಿಕೋ, ಜಾಗ ಉಳಿದರೆ.

ಈಗ ಡಿಸೆಂಬರ್, ಊರು ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಅಡಿಕೆ ಸುಲಿಯುವ ಹೊತ್ತಿಗೆ ಎಲ್ಲರೂ ಒಂದೇ ಕಡೆ ಕೂತಿರುತ್ತಾರೆ, ಕೈ ಕೆಲಸದಲ್ಲಿರುತ್ತದೆ, ಬಾಯಿ ಖಾಲಿ ಇರುತ್ತದೆ. ಆ ಹೊತ್ತಿಗೆ ಫೋನ್ ಮಾಡು, ಸ್ಪೀಕರ್ ಹಾಕಲು ಹೇಳು.