1600 ಮೀಟರ್ ಓಟಕ್ಕೆ ಅಡುಗೆ ಸೋಡಾ ಕುಡಿಯಬಹುದಾ?

ಪ್ರಶ್ನೆ: ಅಂಕೋಲಾದವನು, ತೂಕ 60 ಕೆಜಿ. ಪೊಲೀಸ್ ದೈಹಿಕ ಪರೀಕ್ಷೆಗೆ 1600 ಮೀಟರ್ ಓಡ್ಬೇಕು. ಈಗ 6 ನಿಮಿಷ 40 ಸೆಕೆಂಡ್ ಆಗ್ತಿದೆ, 6.30ಕ್ಕೆ ಇಳಿಸ್ಬೇಕು. ಅಡುಗೆ ಸೋಡಾ ಇಲ್ಲಾ ಬೀಟ್‌ರೂಟ್ ಜ್ಯೂಸ್ ಕುಡಿದ್ರೆ ಆಗುತ್ತಾ? ಹೊಟ್ಟೆ ಕೆಡುತ್ತೆ ಅಂತಾರೆ, ನಿಜಾನಾ?

ಉತ್ತರ: ಎರಡಕ್ಕೂ ಸ್ವಲ್ಪ ಪುರಾವೆ ಇದೆ. ಹೊಟ್ಟೆ ಕೆಡುವುದೂ ನಿಜ. ನಿಮ್ಮ ಪರೀಕ್ಷೆಗೆ ನಾನಾದರೆ ಸೋಡಾ ಮುಟ್ಟುವುದಿಲ್ಲ.

ನಾನು ಕಾರವಾರದವನು, ಕಾಲೇಜಿನಲ್ಲಿ 1500 ಮೀಟರ್ ಓಡುತ್ತಿದ್ದೆ. ಒಂದು ಮೀಟ್‌ನ ದಿನ ಯಾರದೋ ಮಾತು ಕೇಳಿ, ಖಾಲಿ ಹೊಟ್ಟೆಯಲ್ಲಿ ನಾಲ್ಕು ಚಮಚ ಅಡುಗೆ ಸೋಡಾವನ್ನು ಒಂದು ಲೋಟ ನೀರಿಗೆ ಕದಡಿ ಗಟಗಟ ಕುಡಿದೆ. ಮೊದಲು ಬಂದದ್ದು ತೇಗು. ಅರ್ಧ ಗಂಟೆಯಲ್ಲಿ ಹೊಟ್ಟೆ ಡೋಲಿನ ಹಾಗೆ ಉಬ್ಬಿತು. ಆಮೇಲೆ ವಾಕರಿಕೆ, ಅದರ ಹಿಂದೆಯೇ ಭೇದಿ. ನನ್ನ ಹೆಸರು ಕೂಗಿದಾಗ ಮೂರನೇ ಸಲ ಶೌಚಾಲಯದಲ್ಲಿದ್ದೆ. ಓಡಿದೆ, ಕೊನೆಯಿಂದ ಎರಡನೆಯವನಾದೆ.

ಯಾಕೆ ಹೀಗಾಗುತ್ತದೆ ಅಂತ ನೋಡಬೇಕಾ? ಕೋಕಂ ಶರಬತ್ತಿಗೆ ಒಂದು ಚಿಟಿಕೆ ಸೋಡಾ ಹಾಕಿ. ಬುಸ್ಸೆಂದು ನೊರೆ ಬರುತ್ತದೆ. ಹುಳಿಗೂ ಸೋಡಾಕ್ಕೂ ಕೂಡಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಹೊಟ್ಟೆಯ ಆಮ್ಲದಲ್ಲೂ ಅದೇ ಕಥೆ, ಅಲ್ಲಿ ಹಾಕುವುದು ಮಾತ್ರ ಚಿಟಿಕೆಯಲ್ಲ. ಉಳಿದ ಸೋಡಿಯಂ ಕರುಳಿಗೆ ಇಳಿದು ನೀರನ್ನು ತನ್ನತ್ತ ಎಳೆಯುತ್ತದೆ. ಭೇದಿ ಅದರಿಂದ.

ಒಳ್ಳೆಯ ಕೆಲಸವೂ ಇದೆ. ಜೋರಾಗಿ ಓಡುವಾಗ ಕಾಲಿನ ಸ್ನಾಯುಗಳಲ್ಲಿ ಆಮ್ಲೀಯತೆ ಏರುತ್ತದೆ. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೊನೇಟ್. ರಕ್ತದಲ್ಲಿ ಬೈಕಾರ್ಬೊನೇಟ್ ಜಾಸ್ತಿ ಇದ್ದರೆ ಆ ಆಮ್ಲ ಸ್ನಾಯುವಿನಿಂದ ಬೇಗ ಹೊರಬರುತ್ತದೆ. 2021ರಲ್ಲಿ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಸ್ಪೋರ್ಟ್ಸ್ ನ್ಯೂಟ್ರಿಷನ್ ಪುರಾವೆಗಳನ್ನೆಲ್ಲ ನೋಡಿ, 30 ಸೆಕೆಂಡಿನಿಂದ 12 ನಿಮಿಷದವರೆಗಿನ ಜೋರು ಶ್ರಮಕ್ಕೆ ಇದು ನೆರವಾಗುತ್ತದೆ ಎಂದಿತು. ನಿಮ್ಮ ಓಟ ಸರಿಯಾಗಿ ಅದರೊಳಗೇ ಬರುತ್ತದೆ. ಅವರು ಹೇಳಿದ ಪ್ರಮಾಣ ಕೆಜಿಗೆ 0.3 ಗ್ರಾಂ, ಅಂದರೆ ನಿಮಗೆ 18 ಗ್ರಾಂ. ಮಟ್ಟಸ ಟೀ ಚಮಚಕ್ಕೆ 5 ಗ್ರಾಂ ಹತ್ತಿರ ಹಿಡಿಯುತ್ತದೆ, ಆದರೆ ತಕ್ಕಡಿಯಲ್ಲೇ ತೂಗಬೇಕು. ಬೇಕಿಂಗ್ ಪೌಡರ್ ಬೇರೆ, ವಾಷಿಂಗ್ ಸೋಡಾ ಅಂತೂ ಬಾಯಿಗೇ ಇಡಬಾರದು.

ಹೊಟ್ಟೆ ಉಳಿಸಿಕೊಳ್ಳುವ ದಾರಿ ನಾನು ಆಮೇಲೆ ಕಲಿತದ್ದು. ಮೊದಲ ಸಲ 12 ಗ್ರಾಂ ಸಾಕು. ಅದನ್ನು ನಾಲ್ಕು ಪಾಲು ಮಾಡಿ, ಒಂದು ತಟ್ಟೆ ಅವಲಕ್ಕಿ, ಬಾಳೆಹಣ್ಣಿನ ಜೊತೆ, ಎರಡು ಲೋಟ ನೀರಿನಲ್ಲಿ, ಒಂದು ಗಂಟೆಯುದ್ದಕ್ಕೂ ಸ್ವಲ್ಪ ಸ್ವಲ್ಪ ಕುಡಿಯಬೇಕು. ಕೊನೆಯ ಪಾಲು ಓಟಕ್ಕೆ ಒಂದೂವರೆ ಗಂಟೆ ಮುಂಚೆ ಮುಗಿಯಬೇಕು. ಹೀಗೆ ಮಾಡಿ ಬೀಚಿನ ಒದ್ದೆ ಮರಳಿನ ಮೇಲೆ ಓಡಿದೆ. ತೇಗು ಬಿಟ್ಟರೆ ಏನೂ ಆಗಲಿಲ್ಲ. ಟೈಮ್ ಮೂರು ಸೆಕೆಂಡ್ ಇಳಿಯಿತು. ಅದು ಸೋಡಾದ್ದೋ, ಬೆನ್ನಿಗೆ ಬೀಸಿದ ಗಾಳಿಯದ್ದೋ!

ಹಾಗಿದ್ದರೂ ನಿಮಗೆ ಬೇಡ ಅನ್ನುವುದಕ್ಕೆ ಕಾರಣ ಸಮಯ. ಮೈದಾನಕ್ಕೆ ಬೆಳಗ್ಗೆಯೇ ಬನ್ನಿ ಅಂತಾರೆ. ಎತ್ತರ, ಎದೆ, ಕಾಗದಪತ್ರ ಎಲ್ಲ ಮುಗಿದು ನಿಮ್ಮ ಬ್ಯಾಚ್ ಓಡುವುದು ಎಂಟಕ್ಕೋ ಹನ್ನೊಂದಕ್ಕೋ, ಯಾರಿಗೆ ಗೊತ್ತು? ರಕ್ತದಲ್ಲಿ ಬೈಕಾರ್ಬೊನೇಟ್ ತುದಿ ಮುಟ್ಟುವ ಹೊತ್ತು ಒಬ್ಬೊಬ್ಬರಿಗೆ ಒಂದೊಂದು. ಹೊಟ್ಟೆಯ ಗಲಾಟೆಯೂ ಸರಿಸುಮಾರು ಅದೇ ಹೊತ್ತಿಗೆ. ಸಾಲಿನಲ್ಲಿ ನಿಂತಾಗಲೇ ಶುರುವಾದರೆ 10 ಸೆಕೆಂಡಲ್ಲ, ಇಡೀ ಪರೀಕ್ಷೆಯೇ ಹೋಗುತ್ತದೆ. ಇನ್ನೊಂದು, 18 ಗ್ರಾಂ ಸೋಡಾದಲ್ಲಿ ಸುಮಾರು 5 ಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದು 2 ಗ್ರಾಂಗಿಂತ ಕಡಿಮೆ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರು ಇದರ ಹತ್ತಿರ ಸುಳಿಯಬಾರದು.

ಬೀಟ್‌ರೂಟ್ ಅಷ್ಟು ಕಾಡುವುದಿಲ್ಲ. ಅದರಲ್ಲಿರುವ ನೈಟ್ರೇಟನ್ನು ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ದೇಹ ಅದರಿಂದ ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳುತ್ತದೆ. ಆಗ ಅದೇ ವೇಗಕ್ಕೆ ಆಮ್ಲಜನಕ ಸ್ವಲ್ಪ ಕಡಿಮೆ ಸಾಕು. ಪಳಗಿದ ಓಟಗಾರರಿಗಿಂತ ನಿಮ್ಮಂಥವರಿಗೇ ಇದರ ಲಾಭ ಜಾಸ್ತಿ ಕಂಡಿದೆ. ಓಟಕ್ಕೆ ಎರಡು-ಮೂರು ಗಂಟೆ ಮುಂಚೆ ಕುಡಿಯಬೇಕು. ಸ್ವಲ್ಪ ತಡವಾದರೂ ಗುಣ ತಟ್ಟನೆ ಹೋಗಿಬಿಡುವುದಿಲ್ಲ. ಗಡ್ಡೆಯಿಂದ ಗಡ್ಡೆಗೆ ನೈಟ್ರೇಟ್ ಬೇರೆಬೇರೆ ಇರುವುದರಿಂದ ಮನೆಯ ಜ್ಯೂಸಿಗೆ ಲೆಕ್ಕ ಕಷ್ಟ. ಬೇಯಿಸಿ ನೀರು ಚೆಲ್ಲಿದರೆ ಅದರ ಜೊತೆ ನೈಟ್ರೇಟೂ ಹೋಗುತ್ತದೆ, ಹಸಿಯದ್ದನ್ನೇ ಹಿಂಡಿ. ಅರ್ಧ ಲೀಟರ್ ಒಮ್ಮೆಲೇ ಕುಡಿದರೆ ಕೆಲವರಿಗೆ ಹೊಟ್ಟೆ ಭಾರ, ಸಡಿಲ. ಎರಡು ವಾರ ಮುಂಚೆಯೇ ಒಂದು ಲೋಟದಿಂದ ಶುರು ಮಾಡಿ ನೋಡಿ. ಕಿಡ್ನಿ ಕಲ್ಲು ಆಗಿದ್ದರೆ ಬೇಡ, ಇದರಲ್ಲಿ ಆಕ್ಸಲೇಟ್ ಜಾಸ್ತಿ.

ಆ ದಿನ ಬೆಳಗ್ಗೆ ಮೌತ್‌ವಾಶ್ ಹಾಕಿ ಬಾಯಿ ಮುಕ್ಕಳಿಸಬೇಡಿ. ನಾಲಿಗೆಯ ಬ್ಯಾಕ್ಟೀರಿಯಾ ಸತ್ತರೆ ಜ್ಯೂಸು ಸುಮ್ನೆ ದಂಡ. ಮೂತ್ರ ಕೆಂಪಗೆ ಬಂದರೆ ಹೆದರಬೇಡಿ, ಅದು ಬೀಟ್‌ರೂಟಿನ ಬಣ್ಣ.