ಆರು ಖಾನೆ ತುಂಬಿದರೆ ಕಥೆ ಸಿಕ್ಕಿದ ಹಾಗಲ್ಲ

"ಸಂಪಾದಕರಿಗೆ ನಮಸ್ಕಾರ. ಜನ ತಮಗಾದ ಅನುಭವವನ್ನು ಬಾಯಲ್ಲಿ ಹೇಗೆ ಹೇಳುತ್ತಾರೆ ಅನ್ನುವ ಬಗ್ಗೆ ಲೇಖನ ಕಳಿಸುತ್ತಿದ್ದೇನೆ. ಏಳು ಜನರ ಕಥೆ ನಾನೇ ರೆಕಾರ್ಡ್ ಮಾಡಿ, ಬರೆದುಕೊಂಡು, ಭಾಷಾವಿಜ್ಞಾನಿ ಲಬೋವ್ ಹೇಳಿದ ಆರು ಭಾಗಗಳನ್ನು, ಅಂದರೆ ಸಾರಾಂಶ, ಹಿನ್ನೆಲೆ, ತೊಡಕು, ಮೌಲ್ಯಮಾಪನ, ಪರಿಹಾರ, ಮುಕ್ತಾಯ ಇವನ್ನು ಅದರಲ್ಲಿ ಹುಡುಕಿದ್ದೇನೆ. ಕೊನೆಗೆ ಗ್ರೀಕ್ ಮತ್ತು ಜಪಾನಿ ಕಥನಗಳ ಜೊತೆ ಹೋಲಿಸಿದ್ದೇನೆ. ಮೂರನೇ ಕಥೆಯಲ್ಲಿ ಮೌಲ್ಯಮಾಪನ ಇಲ್ಲವೇ ಇಲ್ಲ. ಜಪಾನಿ ಮಕ್ಕಳ ಕಥೆಗಳಂತೂ ಅಪೂರ್ಣ ಅನ್ನಿಸಿತು. ಆಡಿಯೊ ಕೂಡ ಇಟ್ಟಿದ್ದೇನೆ. ಪ್ರಕಟಿಸಬಹುದಾ? ಇಲ್ಲದಿದ್ದರೆ ಎಲ್ಲಿ ತಪ್ಪಿದೆ ಅಂತ ನೇರವಾಗಿ ಹೇಳಿ."

ನಮಸ್ಕಾರ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಆಡಿಯೊ ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ತಪ್ಪು ಎಲ್ಲಿದೆ ಅಂತ ನನಗೆ ಗೊತ್ತಾಗಿದ್ದೇ ಅದನ್ನು ಕೇಳಿದ ಮೇಲೆ. ಮೂರನೇ ಕಥೆಯನ್ನು ನಾಲ್ಕು ಸಲ ಕೇಳಿದೆ. ಅದರಿಂದಲೇ ಶುರು ಮಾಡುತ್ತೇನೆ.

ನಿಮ್ಮ ಲೇಖನದಲ್ಲಿ ಆ ಕಥೆ ಹೀಗಿದೆ: "ನಾನು ಮೇನ್ ಆಫ್ ಮಾಡದೆ ಏಣಿ ಹತ್ತಿ ಬಲ್ಬು ಬಿಚ್ಚಿದೆ. ಶಾಕ್ ಹೊಡೆಯಿತು. ತಮ್ಮ ಹೋಗಿ ಮೇನ್ ಆರಿಸಿದ. ನಾನು ಕೆಳಗೆ ಬಿದ್ದೆ." ಇದನ್ನು ಓದಿದರೆ ನಿಜಕ್ಕೂ ಅದರಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಆದರೆ ಆಡಿಯೊದಲ್ಲಿ ಆತ ಹೇಳಿದ್ದು ಇದು:

೧. ಏಣಿ ಹಾಕ್ಕೊಂಡು ಹತ್ತಿದೆ.
೨. ಬಲ್ಬು ಬಿಚ್ಚಿದೆ.
೩. ಕೈಗೆ ಜುಮ್ ಅಂತು.
೪. ಮೇನ್ ಆಫ್ ಮಾಡಿರ್ಲಿಲ್ಲ ನಾನು.
೫. ಕೈ ಬಿಡೋಕೆ ಆಗ್ತಿಲ್ಲ. ಆಗ್ತಾನೇ ಇಲ್ಲ.
೬. ಕೆಳಗೆ ತಮ್ಮ ಇದ್ದ. ಅವನು ಕಿರುಚಲಿಲ್ಲ. ನನ್ನ ಮುಟ್ಟಲಿಲ್ಲ.
೭. ಸೀದಾ ಹೋಗಿ ಮೇನ್ ಆರಿಸಿಬಿಟ್ಟ.
೮. ಧೊಪ್ಪಂತ ಬಿದ್ದೆ.
೯. ಇವತ್ತಿಗೂ ಬಲ್ಬು ಹಾಕಬೇಕು ಅಂದ್ರೆ ನಾನು ಅವನನ್ನೇ ಕರೆಯೋದು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀವು ಬರೆದುಕೊಳ್ಳುವಾಗ ಭಾಷೆ ಶುದ್ಧ ಮಾಡಿದ್ದೀರಿ. ಆ ಶುದ್ಧೀಕರಣದಲ್ಲಿ ಹೋಗಿದ್ದು ಬರೀ ಆಡುಮಾತಿನ ರೂಪಗಳಲ್ಲ. ನೀವು ಹುಡುಕುತ್ತಿದ್ದ ಮೌಲ್ಯಮಾಪನವೇ ಹೋಯಿತು.

ಮೌಲ್ಯಮಾಪನ ಅನ್ನುವ ಪದ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಪರೀಕ್ಷೆಯ ಪೇಪರ್ ತಿದ್ದಿದ ಹಾಗೆ, ಒಳ್ಳೆಯದು ಕೆಟ್ಟದ್ದು ಅಂತ ತೀರ್ಪು ಕೊಡುವ ಒಂದು ಸಾಲು ಇರಬೇಕು ಅಂದುಕೊಳ್ಳುತ್ತೇವೆ. ನೀವು ಹುಡುಕಿದ್ದೂ ಅದನ್ನೇ: "ತುಂಬಾ ಭಯ ಆಯಿತು", "ಅದೊಂದು ಪವಾಡ" ಅನ್ನುವಂಥ ಸಾಲು. ಲಬೋವ್ ಮತ್ತು ಅವರ ಸಹಲೇಖಕ ವಾಲೆಟ್ಸ್ಕಿ 1967ರಲ್ಲಿ ಈ ಮಾತು ತಂದಾಗ ಅವರ ಪ್ರಶ್ನೆ ಬೇರೆ ಇತ್ತು. ಕೇಳುವವನು "ಸರಿ, ಅದಕ್ಕೇನೀಗ?" ಅಂತ ಕೇಳದ ಹಾಗೆ ಹೇಳುವವನು ಏನು ಮಾಡುತ್ತಾನೆ? ಅದಕ್ಕಾಗಿ ಅವನು ಮಾಡುವುದೆಲ್ಲ ಮೌಲ್ಯಮಾಪನ. ಲಬೋವ್ 1972ರಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳಿದರು. ಅದು ಒಂದು ಕಡೆ ಗುಂಪಾಗಿ ಇರಬಹುದು, ಕಥೆಯ ಉದ್ದಕ್ಕೂ ವಾಕ್ಯಗಳ ಒಳಗೆ ಹರಡಿಕೊಂಡೂ ಇರಬಹುದು. ಅಂದರೆ ಉಳಿದ ಐದು ಭಾಗಗಳ ಹಾಗೆ ಇದಕ್ಕೆ ಒಂದು ಗೊತ್ತಾದ ಜಾಗ ಇಲ್ಲ. ನಿಮ್ಮ ಪಟ್ಟಿಯಲ್ಲಿ ಇದಕ್ಕೊಂದು ಖಾನೆ ಹಾಕಿದ್ದರಿಂದಲೇ ಅದು ಖಾಲಿ ಉಳಿದಿದೆ.

ಈಗ ಆರನೇ ಸಾಲು ನೋಡಿ. "ಕಿರುಚಲಿಲ್ಲ. ಮುಟ್ಟಲಿಲ್ಲ." ಆಗದೇ ಇದ್ದದ್ದನ್ನು ಯಾಕೆ ಹೇಳಬೇಕು? ಆ ಹೊತ್ತಿನಲ್ಲಿ ಆಗದೇ ಇದ್ದ ಸಂಗತಿ ಸಾವಿರ ಇವೆ. ಮಳೆ ಬರಲಿಲ್ಲ, ಫೋನ್ ಬರಲಿಲ್ಲ. ಅದನ್ನೆಲ್ಲ ಬಿಟ್ಟು ಇವೆರಡನ್ನೇ ಆರಿಸಿದ್ದಾನೆ, ಯಾಕೆಂದರೆ ಯಾರಾದರೂ ಮಾಡಬಹುದಾಗಿದ್ದು ಅದನ್ನೇ. ಶಾಕ್ ಹೊಡೆಯುತ್ತಿರುವವರನ್ನು ಮುಟ್ಟಿದರೆ ಮುಟ್ಟಿದವರಿಗೂ ಹೊಡೆಯುತ್ತದೆ. ತಮ್ಮ ಎಷ್ಟು ಸಮಾಧಾನವಾಗಿದ್ದ, ಎಷ್ಟು ಬುದ್ಧಿ ಓಡಿಸಿದ ಅನ್ನುವುದು ಆ ಎರಡು "ಇಲ್ಲ"ಗಳಲ್ಲಿ ಇದೆ. ಲಬೋವ್ ಇಂಥ ಪ್ರಯೋಗಗಳನ್ನು ಹೋಲಿಕೆಯ ಸಾಧನ ಅಂತ ಗುರುತಿಸುತ್ತಾರೆ. ಆಗಿದ್ದನ್ನು, ಆಗಬಹುದಾಗಿದ್ದರ ಪಕ್ಕದಲ್ಲಿ ಇಟ್ಟು ತೋರಿಸುವುದು. ಅದು ಬಂದ ಜಾಗವನ್ನೂ ನೋಡಿ: ಮೇನ್ ಆರಿಸುವ ಸಾಲಿಗಿಂತ ಒಂದೇ ಹೆಜ್ಜೆ ಮುಂಚೆ. ಘಟನೆ ತುದಿಗೆ ಬಂದಿದೆ, ಅಲ್ಲಿ ಒಂದು ಕ್ಷಣ ತಡೆದು ನಿಲ್ಲಿಸಿದ್ದಾನೆ. ನೀವು ಕತ್ತರಿಸಿದ್ದು ಇದೇ ಸಾಲನ್ನು.

ನಾಲ್ಕನೇ ಸಾಲಿಗೂ ಇದೇ ಗತಿಯಾಗಿದೆ. ಒಂದು ವಾಕ್ಯ ಘಟನಾವಾಕ್ಯ ಹೌದೋ ಅಲ್ಲವೋ ಅಂತ ತಿಳಿಯಲು ಲಬೋವ್ ಮತ್ತು ವಾಲೆಟ್ಸ್ಕಿ ಒಂದು ಪರೀಕ್ಷೆ ಕೊಟ್ಟಿದ್ದಾರೆ. ಅದರ ಜಾಗ ಬದಲಿಸಿ ನೋಡಿ. ನಡೆದ ಕ್ರಮವೇ ಬದಲಾದರೆ ಅದು ಘಟನಾವಾಕ್ಯ. "ಹತ್ತಿದೆ, ಬಿಚ್ಚಿದೆ" ಅನ್ನುವುದನ್ನು ತಿರುಗಿಸಿದರೆ ಬೇರೆಯೇ ಕಥೆಯಾಗುತ್ತದೆ. "ಮೇನ್ ಆಫ್ ಮಾಡಿರ್ಲಿಲ್ಲ" ಅನ್ನುವುದನ್ನು ಎಲ್ಲಿ ಇಟ್ಟರೂ ನಡೆದದ್ದು ಬದಲಾಗುವುದಿಲ್ಲ. ಹಾಗಾಗಿ ಅದು ಹಿನ್ನೆಲೆ. ಇಲ್ಲಿಯವರೆಗೆ ನಿಮ್ಮ ಲೆಕ್ಕ ಸರಿ. ಆದರೆ ಹಿನ್ನೆಲೆ ಅಂದ ತಕ್ಷಣ ನೀವು ಅದನ್ನು ಎತ್ತಿ ಮೊದಲ ಸಾಲಿಗೆ ಹಾಕಿಬಿಟ್ಟಿರಿ. ಹೇಳಿದವನು ಅದನ್ನು "ಜುಮ್" ಆದ ಮೇಲೆ ಇಟ್ಟಿದ್ದ. ಕೇಳುವವನಿಗೂ ಅವನ ಹಾಗೇ ತಡವಾಗಿ ಗೊತ್ತಾಗಬೇಕು. ಎಲ್ಲಿ ಬೇಕಾದರೂ ಇಡಬಹುದಾದ ವಾಕ್ಯವನ್ನು ಆತ ಎಲ್ಲಿ ಇಟ್ಟ ಅನ್ನುವುದೂ ಮೌಲ್ಯಮಾಪನವೇ, ಅಲ್ವಾ?

ಐದನೇ ಸಾಲಿನಲ್ಲಿ ಭೂತಕಾಲ ಬಿಟ್ಟು "ಆಗ್ತಿಲ್ಲ" ಅಂತ ವರ್ತಮಾನಕ್ಕೆ ಬಂದಿದ್ದಾನೆ, ಮತ್ತೆ ಹೇಳಿದ್ದಾನೆ. ಏಳರಲ್ಲಿ "ಆರಿಸಿದ" ಅಲ್ಲ, "ಆರಿಸಿಬಿಟ್ಟ". ಈ "ಬಿಡು" ನಮ್ಮ ಭಾಷೆಯಲ್ಲಿ ಏನೇನು ಕೆಲಸ ಮಾಡುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. "ಹೋದ" ಅನ್ನುವುದಕ್ಕೂ "ಹೋಗಿಬಿಟ್ಟ" ಅನ್ನುವುದಕ್ಕೂ ಇರುವ ದೂರವೇ ಹೇಳುವವನ ಮನಸ್ಸು. ಇಂಗ್ಲಿಷ್ ಕಥನಗಳಿಂದ ತಯಾರಾದ ಪಟ್ಟಿಯಲ್ಲಿ ಇದು ಸಿಗುವುದಿಲ್ಲ. ಕನ್ನಡದ ಮಾತು ಇಟ್ಟುಕೊಂಡವರು ಕನ್ನಡದ ಸಾಧನಗಳನ್ನು ತಾವೇ ಹುಡುಕಬೇಕು. ಲೇಖನದಲ್ಲಿ ಹೊಸದು ಅಂತ ಏನಾದರೂ ಬರುವುದಿದ್ದರೆ ಅದು ಇಲ್ಲೇ.

ಇನ್ನು ಹೋಲಿಕೆಯ ಭಾಗ. ಇಲ್ಲಿ ನನಗೆ ಬೇಜಾರೇ ಆಯಿತು. ಮಿನಾಮಿ ಮತ್ತು ಮೆಕೇಬ್ 1991ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೀವು ಬಳಸಿದ್ದೀರಿ. ಅವರು ಜಪಾನಿ ಮಕ್ಕಳನ್ನು, ನಿಮಗೆ ಯಾವಾಗಲಾದರೂ ಪೆಟ್ಟಾಗಿತ್ತಾ ಅನ್ನುವ ರೀತಿಯಲ್ಲಿ ಮಾತಾಡಿಸಿದರು. ಹೆಚ್ಚಿನ ಮಕ್ಕಳು ಒಂದೇ ಪೆಟ್ಟಿನ ಕಥೆಯನ್ನು ಉದ್ದಕ್ಕೆ ಹೇಳಲಿಲ್ಲ. ಒಂದೇ ತರಹದ ಎರಡು ಮೂರು ಅನುಭವಗಳನ್ನು ಚುಟುಕಾಗಿ, ಒಂದರ ಪಕ್ಕ ಒಂದು ಇಟ್ಟರು. ಒಂದೊಂದಕ್ಕೂ ಬಹುಪಾಲು ಮೂರು ಸಾಲಿನಷ್ಟು ಮಾತು. ನೀವು ಪ್ರತಿ ತುಂಡನ್ನೂ ಬಿಡಿಯಾಗಿ ತೆಗೆದುಕೊಂಡು, "ತೊಡಕು ಬೆಳೆಯಲಿಲ್ಲ, ಮೌಲ್ಯಮಾಪನ ಇಲ್ಲ, ಅಪೂರ್ಣ" ಅಂತ ಬರೆದಿದ್ದೀರಿ. ಮೂರನ್ನೂ ಸೇರಿಸಿ ಒಂದೇ ಕಥನ ಅಂತ ಓದಿ ನೋಡಿ. ಆಗ ಒಂದರ ಪಕ್ಕ ಇನ್ನೊಂದನ್ನು ಇಡುವುದೇ ಅರ್ಥ ಕೊಡುವ ಕೆಲಸ ಮಾಡುತ್ತದೆ. ನಿಮ್ಮ ಮೂರನೇ ಕಥೆಯಲ್ಲಿ "ಇಲ್ಲ" ಮಾಡಿದ ಕೆಲಸವನ್ನು ಅಲ್ಲಿ ಪಕ್ಕದ ಪೆಟ್ಟು ಮಾಡುತ್ತಿರಬಹುದು. ಈ ಕೊನೆಯ ಮಾತು ನನ್ನ ಓದು, ಅವರ ಬಾಯಿಗೆ ಹಾಕಬೇಡಿ.

ಆ ಮಕ್ಕಳು ಹಾಗೆ ಯಾಕೆ ಹೇಳುತ್ತಾರೆ ಅನ್ನುವುದಕ್ಕೆ ಅದೇ ಇಬ್ಬರ ನಂತರದ ಕೆಲಸದಲ್ಲಿ ಒಳ್ಳೆಯ ಸುಳಿವಿದೆ. ತಾಯಂದಿರು ಮಕ್ಕಳ ಜೊತೆ ಮಾತಾಡುವುದನ್ನು ಅವರು ಹೋಲಿಸಿದರು. ಜಪಾನಿ ತಾಯಂದಿರು ಉತ್ತರ ಅಮೆರಿಕದ ತಾಯಂದಿರಿಗಿಂತ ಜಾಸ್ತಿ "ಹೂಂ, ಹೂಂ" ಅನ್ನುತ್ತಿದ್ದರು, ವಿವರ ಕೇಳುವುದು ಕಡಿಮೆ. ಹಾಗೆ ಬೆಳೆದ ಮಗುವಿನ ಮಾತಿನ ತುಂಡುಗಳು ಚಿಕ್ಕದಾಗಿರುವುದು ಸಹಜ. ಅರ್ಧ ಕೆಲಸ ಕೇಳುವವರದ್ದು. ಆದರೆ ಒಂದು ಎಚ್ಚರ. ಅದು ಕೆಲವೇ ಮಕ್ಕಳನ್ನು ಹತ್ತಿರದಿಂದ ನೋಡಿದ ಅಧ್ಯಯನ. "ಜಪಾನಿಯರು ಹೀಗೆ" ಅಂತ ನೀವು ಬರೆದ ನಾಲ್ಕೂ ಕಡೆ ಅದನ್ನು "ಆ ಅಧ್ಯಯನದ ಮಕ್ಕಳು" ಅಂತ ಮಾಡಿ.

ಗ್ರೀಕ್ ಭಾಗದಲ್ಲಿ ಬೇರೆ ತಪ್ಪಿದೆ. ನೀವು ಬಳಸಿದ ಅಧ್ಯಯನದಲ್ಲಿ ಭಾಷಾವಿಜ್ಞಾನಿ ಟ್ಯಾನನ್ ಹೋಲಿಸಿದ್ದು ಸ್ವಂತ ಅನುಭವದ ಕಥೆಗಳನ್ನಲ್ಲ. ಭಾಷಾವಿಜ್ಞಾನಿ ಚೇಫ್ ಅವರ ತಂಡ 1970ರ ದಶಕದಲ್ಲಿ ಮಾಡಿಸಿದ, ಮಾತಿಲ್ಲದ, ಸುಮಾರು ಆರು ನಿಮಿಷದ ಚಿತ್ರವೊಂದನ್ನು ನೋಡಿದ ಗ್ರೀಕ್ ಮತ್ತು ಅಮೆರಿಕದ ಹೆಂಗಸರು ಅದನ್ನು ಮತ್ತೆ ಹೇಳಿದ್ದು. ಅದರಲ್ಲಿ ಒಬ್ಬ ಹುಡುಗ ಪೇರ್ ಹಣ್ಣಿನ ಬುಟ್ಟಿಯನ್ನು ಸೈಕಲ್ ಮೇಲೆ ಕದ್ದೊಯ್ಯುತ್ತಾನೆ. ಗ್ರೀಕ್ ಹೆಂಗಸರು ಪಾತ್ರಗಳ ನಡತೆಯ ಬಗ್ಗೆ ಅಭಿಪ್ರಾಯ ಸೇರಿಸಿ, ಬೇಡದ ವಿವರ ಬಿಟ್ಟು, ಅದನ್ನೊಂದು ಕಥೆಯಾಗಿ ಹೇಳಿದರು. ಅಮೆರಿಕದವರು ವಿವರಗಳನ್ನು ಸರಿಯಾಗಿ ನೆನಪಿಸಿಕೊಳ್ಳಲು ನೋಡಿದರು, ಚಿತ್ರ ತೆಗೆದ ರೀತಿಯ ಬಗ್ಗೆಯೂ ಮಾತಾಡಿದರು. ಇದರಿಂದ ನೀವು "ಗ್ರೀಕರದ್ದು ಭಾವುಕ ಕಥನ, ಅಮೆರಿಕದವರದ್ದು ಒಣ ಕಥನ" ಅನ್ನುವ ತೀರ್ಮಾನಕ್ಕೆ ಬಂದಿರಿ. ಟ್ಯಾನನ್ ನೋಡಿದ್ದು ಅದಲ್ಲ. ಅಮೆರಿಕದವರಿಗೆ ಅದು ನೆನಪಿನ ಪರೀಕ್ಷೆಯ ಹಾಗೆ ಕಂಡಿತು, ಗ್ರೀಕರಿಗೆ ಚೆನ್ನಾಗಿ ಕಥೆ ಹೇಳುವ ಸಂದರ್ಭದ ಹಾಗೆ. ಕೇಳಿದ ಪ್ರಶ್ನೆ ಒಂದೇ, ಅದನ್ನು ಅರ್ಥ ಮಾಡಿಕೊಂಡಿದ್ದು ಬೇರೆ ಬೇರೆ ರೀತಿ.

ಈ ಮಾತು ನಿಮ್ಮ ಏಳು ಕಥೆಗಳಿಗೂ ಅನ್ವಯಿಸುತ್ತದೆ. ಲಬೋವ್ ಕೇಳುತ್ತಿದ್ದ ಹೆಸರುವಾಸಿ ಪ್ರಶ್ನೆ, "ಸತ್ತೇಹೋಗುತ್ತೇನೆ ಅನ್ನುವಂಥ ಪರಿಸ್ಥಿತಿಯಲ್ಲಿ ಯಾವಾಗಲಾದರೂ ಸಿಕ್ಕಿಕೊಂಡಿದ್ದಿರಾ?" ಅನ್ನುವಂಥದ್ದು. ಅಂಥ ಪ್ರಶ್ನೆಗೆ ಒಂದೇ ಘಟನೆ, ಒಂದೇ ತುದಿ ಇರುವ ಕಥೆ ಬರುವುದು ಸಹಜ. ನೀವು ಮೂರನೆಯವರಿಗೆ ಅದನ್ನೇ ಕೇಳಿದ್ದೀರಿ. ಐದನೆಯವರಿಗೆ ಮಾತ್ರ "ನಿಮ್ಮ ಕೆಲಸದ ಬಗ್ಗೆ ಏನಾದರೂ ಹೇಳಿ" ಅಂದಿದ್ದೀರಿ, ಆಮೇಲೆ ಅವರ ಕಥೆಯಲ್ಲಿ ತೊಡಕಿಲ್ಲ ಅಂತ ದೂರಿದ್ದೀರಿ. ಅದು ಅವರ ಕೊರತೆ ಅಲ್ಲ. ಪ್ರತಿ ಕಥೆಯ ಮೇಲೆ ನೀವು ಕೇಳಿದ ಪ್ರಶ್ನೆಯನ್ನು ಹಾಗೇ ಹಾಕಿ. ನಡುವೆ ನೀವು ಅಂದ "ಹೂಂ", "ಅಯ್ಯೋ", "ಆಮೇಲೆ?" ಎಲ್ಲ ಇರಲಿ. ಎರಡನೇ ಕಥೆಯಲ್ಲಿ ನಿಮ್ಮ "ಅಯ್ಯೋ" ಬಂದ ಮೇಲೇ ಆಕೆ ಮಗುವಿನ ವಿಷಯ ಎತ್ತಿದ್ದು. ಬರಹದಲ್ಲಿ ಆ "ಅಯ್ಯೋ" ಇಲ್ಲ.

ಈಗ ಮಾಡಬೇಕಾದದ್ದು ಹೀಗೆ. ಏಳು ಕಥೆ ಬೇಡ, ಎರಡು ಸಾಕು: ಎರಡನೆಯದು ಮತ್ತು ಮೂರನೆಯದು. ಎರಡನ್ನೂ ಹೇಳಿದ ಹಾಗೇ, ಒಂದು ಸಾಲಿಗೆ ಒಂದು ವಾಕ್ಯದಂತೆ, ಮತ್ತೆ ಬರೆದುಕೊಳ್ಳಿ. ಮಾತು ನಿಂತ ಕಡೆ, ಎಳೆದ ಕಡೆ ಗುರುತು ಹಾಕಿ. ಮೂರನೆಯವನು "ಮುಟ್ಟಲಿಲ್ಲ" ಅಂದ ಮೇಲೆ ಸುಮಾರು ಎರಡು ಸೆಕೆಂಡ್ ಸುಮ್ಮನಿದ್ದಾನೆ. ಆ ಮೌನವನ್ನೂ ಬರೆಯಿರಿ. ಗ್ರೀಕ್ ಭಾಗ ತೆಗೆದುಬಿಡಿ, ಜಪಾನಿ ಮಕ್ಕಳದ್ದು ಇರಲಿ. ಬರೆದ ಸಾಲುಗಳನ್ನು ಮೊದಲು ಕಳಿಸಿ. ಆಡಿಯೊ ಹಾಕಿಕೊಂಡು ಒಂದೊಂದೇ ಸಾಲು ತಾಳೆ ನೋಡುತ್ತೇನೆ, ಲೇಖನದ ಮಾತು ಆಮೇಲೆ.