ತಮ್ಮನ ಟಿಬಿ ಮಾತ್ರೆ: ನಾಲ್ಕು ಔಷಧಿ ಯಾಕೆ, ಯಾವ ತೊಂದರೆಗೆ ಹೆದರಬೇಕು

ನಮ್ಮ ದಾಳಿಂಬೆ ಬೆಳೆಗಾರರ ಗುಂಪಿನಲ್ಲಿ ಒಬ್ಬ ಅಣ್ಣ ಹೀಗೆ ಕೇಳಿದ್ದಾರೆ: "ನಮ್ಮ ತಮ್ಮನಿಗೆ ಟಿಬಿ ಮಾತ್ರೆ ಶುರುವಾಗಿ ಮೂರು ವಾರ. ತೂಕ 46 ಕೆಜಿ, ದಿನಾ ಮೂರು ಮಾತ್ರೆ. ಕೆಮ್ಮು ಕಮ್ಮಿಯಾಗಿದೆ. ಆದ್ರೆ ಮೂತ್ರ ಕೆಂಪಗೆ ಬರ್ತಿದೆ, ವಾಕರಿಕೆ, ಕೀಲುನೋವು. ಒಂದೊಂದು ಮಾತ್ರೆಯಲ್ಲೂ ನಾಲ್ಕು ಔಷಧಿ ಇದೆಯಂತೆ. ಜಾಸ್ತಿ ಪವರ್ ಇರೋ ಒಂದನ್ನೇ ತಗೊಂಡ್ರೆ ಸಾಲದಾ?"

ಸಾಲದು ಅಣ್ಣ. ನಾನು ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ದಾಳಿಂಬೆ ಬೆಳೆಯೋದು ಆಮೇಲೆ ಬಂದದ್ದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಶ್ವಾಸಕೋಶದಲ್ಲಿ ಟಿಬಿಯಿಂದ ಗುಳಿ ಬಿದ್ದಿದ್ದರೆ ಅದರಲ್ಲಿ ಸುಮಾರು ಹತ್ತು ಕೋಟಿ ರೋಗಾಣು ಇರಬಹುದು. ಹತ್ತು ಲಕ್ಷಕ್ಕೆ ಸುಮಾರು ಒಂದರಂತೆ, ಆ ನಾಲ್ಕು ಔಷಧಿಯಲ್ಲಿ ಒಂದಾದ ಐಸೋನಿಯಾಜಿಡ್‌ಗೆ ಬಗ್ಗದ ರೋಗಾಣು ತಾನಾಗಿಯೇ ಹುಟ್ಟಿರುತ್ತದೆ. ಅಂದರೆ ಮೊದಲ ಮಾತ್ರೆ ನುಂಗುವ ಮುಂಚೆಯೇ ಅಂಥವು ನೂರರಷ್ಟು ಇವೆ ಎಂದಾಯ್ತು. ಐಸೋನಿಯಾಜಿಡ್ ಒಂದನ್ನೇ ಕೊಟ್ಟರೆ ಉಳಿದವು ಬಹುಪಾಲು ಸಾಯುತ್ತವೆ, ಕೆಮ್ಮು ಇಳಿಯುತ್ತದೆ, ಎಲ್ಲರಿಗೂ ಖುಷಿ. ಆ ನೂರು ಮಾತ್ರ ಬೆಳೆಯುತ್ತಾ ಹೋಗುತ್ತವೆ. ಕೆಲವು ತಿಂಗಳಲ್ಲಿ ಗುಳಿಯಲ್ಲಿ ಅವೇ ತುಂಬಿಕೊಳ್ಳುತ್ತವೆ, ಆಮೇಲೆ ಆ ಔಷಧಿ ಸುಣ್ಣದ ಪುಡಿಗೆ ಸಮ. ರಿಫಾಂಪಿಸಿನ್‌ಗೆ ಎಂಬ ಇನ್ನೊಂದು ಔಷಧಿಗೆ ಬಗ್ಗದವು ಇನ್ನೂ ಅಪರೂಪ, ಹತ್ತು ಕೋಟಿಗೆ ಒಂದರ ಆಸುಪಾಸು. ಎರಡಕ್ಕೂ ಒಟ್ಟಿಗೆ ಬಗ್ಗದ ರೋಗಾಣು ಬೇಕೆಂದರೆ ಈ ಎರಡು ಲೆಕ್ಕವನ್ನು ಗುಣಿಸಬೇಕು. ಅಷ್ಟು ರೋಗಾಣು ಯಾರ ಎದೆಯಲ್ಲೂ ಹಿಡಿಸುವುದಿಲ್ಲ.

ಇದು ಬರೀ ಲೆಕ್ಕವಲ್ಲ, ನಡೆದ ಸಂಗತಿ. 1948ರಲ್ಲಿ ಬ್ರಿಟನ್ನಿನಲ್ಲಿ ಟಿಬಿಗೆ ಸ್ಟ್ರೆಪ್ಟೋಮೈಸಿನ್ ಎಂಬ ಔಷಧಿ ಒಂದನ್ನೇ ಕೊಟ್ಟ ಪರೀಕ್ಷೆಯ ಫಲಿತಾಂಶ ಬಂತು. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಸಾವು, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14. ಅದ್ಭುತ ಅನ್ನಿಸಿತು. ಆದರೆ ಬಹಳ ಜನರ ಕಫದಲ್ಲಿ ಔಷಧಿಗೆ ಬಗ್ಗದ ರೋಗಾಣು ಬಂದಿದ್ದವು. ಐದು ವರ್ಷದ ಹೊತ್ತಿಗೆ ಎರಡೂ ಗುಂಪಿನ ಸಾವಿನಲ್ಲಿ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ. ಜೊತೆಗೆ ಪಾಸ್ ಎಂಬ ಇನ್ನೊಂದು ಔಷಧಿ ಕೊಟ್ಟ ಮೇಲೆಯೇ ಹಿಡಿತ ಸಿಕ್ಕಿದ್ದು. ನಾವು ದಾಳಿಂಬೆಯ ಅಂಗಮಾರಿ ರೋಗಕ್ಕೆ ಹೊಡೆಯುತ್ತಿದ್ದ ಸ್ಟ್ರೆಪ್ಟೋಸೈಕ್ಲಿನ್ ಪುಡಿಯಲ್ಲಿದ್ದದ್ದೂ ಇದೇ ಸ್ಟ್ರೆಪ್ಟೋಮೈಸಿನ್. ಅದನ್ನು ತಾಮ್ರದ ಔಷಧಿ ಜೊತೆ ಬೆರೆಸಿ ಅಂತ ಈ ಗುಂಪಿನಲ್ಲೇ ಹೇಳಿಕೊಳ್ಳುತ್ತಿದ್ದೆವಲ್ವಾ.

ಹಾಗಾದರೆ ಎರಡು ಸಾಕಲ್ಲ, ನಾಲ್ಕು ಯಾಕೆ? ಎಲ್ಲ ರೋಗಾಣುವೂ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ. ಐಸೋನಿಯಾಜಿಡ್ ರೋಗಾಣುವಿಗೆ ಅದರ ಮೇಣದಂಥ ಗೋಡೆ ಕಟ್ಟಲು ಬಿಡುವುದಿಲ್ಲ. ಚುರುಕಾಗಿ ಬೆಳೆಯುವವು ಮೊದಲ ಕೆಲವೇ ದಿನಗಳಲ್ಲಿ ಇದಕ್ಕೆ ಸಾಯುತ್ತವೆ. ಸುಮ್ನೆ ಮಲಗಿರುವ ರೋಗಾಣುವಿಗೆ ಗೋಡೆ ಕಟ್ಟುವ ಕೆಲಸವೇ ಇಲ್ಲ, ಹಾಗಾಗಿ ಅದಕ್ಕೇನೂ ಆಗುವುದಿಲ್ಲ. ರಿಫಾಂಪಿಸಿನ್, ರೋಗಾಣು ತನ್ನ ಜೀನ್ ಓದಿಕೊಳ್ಳುವುದನ್ನೇ ತಡೆಯುತ್ತದೆ. ಮಲಗಿದ್ದು ಸ್ವಲ್ಪ ಹೊತ್ತು ಎದ್ದರೂ ಅಲ್ಲೇ ಹೊಡೆತ. ಪೈರಾಜಿನಮೈಡ್ ಹುಳಿ ಇರುವ ಕಡೆ ಅಡಗಿದ ಮಂದ ರೋಗಾಣುಗಳನ್ನು ಕೊಲ್ಲುತ್ತದೆ. ಅದರ ಮುಖ್ಯ ಕೆಲಸ ಮೊದಲ ಎರಡು ತಿಂಗಳಲ್ಲೇ ಮುಗಿಯುತ್ತದೆ. ಒಂದೂವರೆ ವರ್ಷ ನುಂಗಬೇಕಿದ್ದ ಚಿಕಿತ್ಸೆ ಆರು ತಿಂಗಳಿಗೆ ಇಳಿದದ್ದು ರಿಫಾಂಪಿಸಿನ್, ಪೈರಾಜಿನಮೈಡ್ ಎರಡೂ ಬಂದ ಮೇಲೆ.

ಎಥಾಂಬ್ಯುಟಾಲ್ ಇವುಗಳಷ್ಟು ಜೋರಲ್ಲ. ಅದು ಕಾವಲಿಗೆ. ತಮ್ಮನಿಗೆ ಅಂಟಿದ ರೋಗಾಣುವೇ ಐಸೋನಿಯಾಜಿಡ್‌ಗೆ ಬಗ್ಗದ್ದಾಗಿದ್ದರೆ ರಿಫಾಂಪಿಸಿನ್ ಒಂಟಿಯಾಗಬಾರದು ಅಂತ. ಹೀಗಾಗಿ ನಮ್ಮ ದೇಶದಲ್ಲಿ ಎರಡು ತಿಂಗಳಾದ ಮೇಲೆ ಪೈರಾಜಿನಮೈಡ್ ಬಿಟ್ಟು ಉಳಿದ ಮೂರನ್ನು ನಾಲ್ಕು ತಿಂಗಳು ಮುಂದುವರಿಸುತ್ತಾರೆ. ಸಾಮಾನ್ಯವಾಗಿ ಮಾಡುವ ಕಫದ ಸಿಬಿನಾಟ್ ಪರೀಕ್ಷೆ, ರೋಗಾಣು ರಿಫಾಂಪಿಸಿನ್‌ಗೆ ಬಗ್ಗುತ್ತದಾ ಅಂತ ಮಾತ್ರ ಹೇಳುತ್ತದೆ. ಐಸೋನಿಯಾಜಿಡ್ ಬಗ್ಗೆ ತಿಳಿಯಲು ಎಲ್‌ಪಿಎ ಅಂತ ಬೇರೆ ಪರೀಕ್ಷೆ ಇದೆ. ಕಫ ಅದಕ್ಕೂ ಹೋಗಿದೆಯಾ ಅಂತ ಕೇಳಿ.

ಈಗ ತೊಂದರೆಗಳಿಗೆ ಬರೋಣ. ಕೆಂಪು ಮೂತ್ರ ರಿಫಾಂಪಿಸಿನ್ ಬಣ್ಣ, ಹೆದರಬೇಡಿ. ಬೆವರು, ಕಣ್ಣೀರಿಗೂ ಬರುತ್ತದೆ. ಮಾತ್ರೆ ತಗೊಂಡ ಕೆಲವು ಗಂಟೆ ಕಿತ್ತಳೆ ಬಣ್ಣ ಜೋರಾಗಿದ್ದು ಆಮೇಲೆ ತಿಳಿಯಾಗುತ್ತದೆ. ಕಾಮಾಲೆಯಾದರೆ ಬೇರೆ: ಮೂತ್ರ ದಿನವಿಡೀ ಕಪ್ಪು ಚಹಾದ ಹಾಗಿರುತ್ತದೆ, ಊಟ ನೋಡಿದರೆ ಬೇಡ ಅನ್ನಿಸುತ್ತದೆ, ವಾಂತಿ ನಿಲ್ಲುವುದಿಲ್ಲ. ತಮ್ಮನನ್ನು ಬಿಸಿಲಿಗೆ ಕರೆದು ಕೆಳರೆಪ್ಪೆ ಎಳೆದು ಕಣ್ಣಿನ ಬಿಳಿ ಭಾಗ ನೋಡಿ. ರಿಫಾಂಪಿಸಿನ್ ಸರಿಯಾದ ಪ್ರಮಾಣದಲ್ಲಿದ್ದರೆ ಅದನ್ನು ಹಳದಿ ಮಾಡುವುದಿಲ್ಲ. ಹಳದಿ ಕಂಡರೆ ಆ ದಿನದ ಮಾತ್ರೆ ಕೊಡದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಗುಂಪಿನಲ್ಲಿ ಕುಷ್ಟಗಿಯ ಅಣ್ಣ "ಲಿವರ್ ಹಾಳಾಗುತ್ತೆ, ದಿನ ಬಿಟ್ಟು ದಿನ ಕೊಡಿ" ಅಂದಿದ್ದಾರೆ. ಮೊದಲ ಮಾತು ನಿಜ. ಎಥಾಂಬ್ಯುಟಾಲ್ ಬಿಟ್ಟು ಮೂರೂ ಲಿವರ್ ಮೇಲೆ ಹೋಗುತ್ತವೆ, ಪೈರಾಜಿನಮೈಡ್ ಜಾಸ್ತಿ. ದಿನ ಬಿಟ್ಟು ದಿನ ಕೊಡುವ ಪದ್ಧತಿಯೂ ನಮ್ಮಲ್ಲಿ ಇತ್ತು, ಅವರಿಗೆ ಅದೇ ನೆನಪಿರಬೇಕು. ಆದರೆ ಆಗ ಒಂದು ಸಲದ ಪ್ರಮಾಣವೇ ಬೇರೆ, ಮತ್ತು 2017ರಲ್ಲಿ ದೇಶವೇ ದಿನವೂ ಕೊಡುವ ಪದ್ಧತಿಗೆ ಬದಲಾಯಿತು. ಈಗಿನ ಒಂದು ಮಾತ್ರೆಯಲ್ಲಿ ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬ್ಯುಟಾಲ್ 275 ಮಿಲಿಗ್ರಾಂ. 35ರಿಂದ 49 ಕೆಜಿಗೆ ಮೂರು ಮಾತ್ರೆ, ಅಂದರೆ ತಮ್ಮನ ಲೆಕ್ಕ ಸರಿಯಾಗಿದೆ. ಇದನ್ನು ದಿನ ಬಿಟ್ಟು ಕೊಟ್ಟರೆ ಅರ್ಧ ಔಷಧಿ ಕೊಟ್ಟ ಹಾಗೆ. ಲಿವರ್ ನಿಜವಾಗಿ ಕೆಟ್ಟರೆ ಆಸ್ಪತ್ರೆಯವರು ಲಿವರಿಗೆ ತಾಕುವ ಮೂರನ್ನೂ ಒಟ್ಟಿಗೆ ನಿಲ್ಲಿಸಿ, ರಕ್ತಪರೀಕ್ಷೆ ಇಳಿದ ಮೇಲೆ ಒಂದೊಂದೇ ಸೇರಿಸುತ್ತಾರೆ, ಸಾಮಾನ್ಯವಾಗಿ ಪೈರಾಜಿನಮೈಡ್ ಕೊನೆಗೆ. ಯಾವುದು ಕೆಡಿಸಿತು ಅಂತ ಗೊತ್ತಾಗುವುದು ಆಗಲೇ.

ಬರೀ ವಾಕರಿಕೆಯಾದರೆ ಸ್ವಲ್ಪ ತಿಂಡಿ ತಿಂದು ಮಾತ್ರೆ ತಗೊಳ್ಳಲಿ. ಹೊಟ್ಟೆಯುರಿಗೆ ಅಂತ ಆಂಟಾಸಿಡ್ ಸಿರಪ್ ಜೊತೆಯಲ್ಲೇ ಕುಡಿಸಬೇಡಿ, ಔಷಧಿ ಮೈಗೆ ಹತ್ತುವುದು ಕಮ್ಮಿಯಾಗುತ್ತದೆ.

ಕೀಲುನೋವು ಪೈರಾಜಿನಮೈಡ್‌ನಿಂದ ಇರಬಹುದು, ಅದು ಯೂರಿಕ್ ಆಸಿಡ್ ಹೊರಹೋಗದಂತೆ ತಡೆಯುತ್ತದೆ. ಗಿಡ ಸವರುವ ಚಾಟನಿ ಕೆಲಸದ ನೋವೂ ಇರಬಹುದು, ಇಲ್ಲಿ ಕೂತು ನಾನು ಹೇಳಲಾರೆ. ಪೈರಾಜಿನಮೈಡ್‌ದಾದರೆ ಅದು ನಿಂತ ಮೇಲೆ ಹೋಗುತ್ತದೆ. ಇವೆಲ್ಲಕ್ಕಿಂತ ನನಗೆ ಭಯ ಇರುವುದು ಕಣ್ಣಿನದು. ಎಥಾಂಬ್ಯುಟಾಲ್ ಕಣ್ಣಿನ ನರಕ್ಕೆ ಹೋದರೆ ನೋವೇ ಇರುವುದಿಲ್ಲ. ಮೊದಲು ಕೆಂಪು ಹಸಿರು ಮಂಕಾಗುತ್ತವೆ, ಹಣ್ಣಿನ ಬಣ್ಣ ಸರಿಯಾಗಿ ಗೊತ್ತಾಗುತ್ತಿಲ್ಲ ಅಂದರೆ ಕಾಯಬೇಡಿ. ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿಸಿ ಪೇಪರ್ ಓದಿಸಿ.

ಇಂಜೆಕ್ಷನ್‌ನಿಂದ ಅಮ್ಮನಿಗೆ ಕಿವಿ ಕೇಳಿಸದಾಯ್ತು ಅಂತ ಬರೆದ ಅಕ್ಕ, ಅದು ಸ್ಟ್ರೆಪ್ಟೋಮೈಸಿನ್ ಇರಬೇಕು. ತಮ್ಮನ ಮಾತ್ರೆಯಲ್ಲಿ ಅದಿಲ್ಲ. ಹಸುವಿಗೆ ಈ ಮಾತ್ರೆ ಕೊಡಬಹುದಾ ಅಂತ ಕೇಳಿದವರಿಗೆ: ಕೊಡಬೇಡಿ, ಪಶುವೈದ್ಯರನ್ನು ಕೇಳಿ, ಹಾಲು ಕಾಯಿಸಿಯೇ ಕುಡಿಯಿರಿ. ದನದ ಟಿಬಿ ರೋಗಾಣುವಿಗೆ ಪೈರಾಜಿನಮೈಡ್ ಹುಟ್ಟಿನಿಂದಲೇ ನಾಟುವುದಿಲ್ಲ.

ಅಣ್ಣ, ತಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಅಂತ ಕೆಳಗೆ ಬರೆದಿದ್ದೀರಿ, ಅದು ಮುಖ್ಯ. ರಿಫಾಂಪಿಸಿನ್ ಇರುವಾಗ ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಯನ್ನು ಲಿವರ್ ಬೇಗ ಕರಗಿಸಿಬಿಡುತ್ತದೆ, ಸಕ್ಕರೆ ಏರಬಹುದು. ಸಕ್ಕರೆ ಇರುವವರಿಗೆ ಐಸೋನಿಯಾಜಿಡ್‌ನಿಂದ ಪಾದ ಉರಿ, ಜೋಮು ಬರುವುದೂ ಜಾಸ್ತಿ. ಅದನ್ನು ತಡೆಯಲು ದಿನಾ 10 ಮಿಲಿಗ್ರಾಂ ಪಿರಿಡಾಕ್ಸಿನ್ ಅನ್ನೋ ವಿಟಮಿನ್ ಮಾತ್ರೆ ಕೊಡುತ್ತಾರೆ, ಸಿಕ್ಕಿದೆಯಾ ನೋಡಿ. ಮುಂದಿನ ಸಲ ಹೋಗುವಾಗ ಸಕ್ಕರೆ ಮಾತ್ರೆಯ ಚೀಟಿ ಒಯ್ಯಿರಿ. ಮತ್ತೆ, ತಮ್ಮ ಕುಡಿಯುತ್ತಾನಾ? ಗುಂಪಿನಲ್ಲಿ ಬೇಡ, ನನಗೆ ಬೇರೆ ಮೆಸೇಜ್ ಹಾಕಿ.